ಬೆಳಿಗ್ಗೆ ಕಲಸಿದ ಮೊಸರನ್ನ ಮಧ್ಯಾಹ್ನದವರೆಗೆ ಆಗುತ್ತಾ? ಕರಾವಳಿಯ ಸೆಕೆಯಲ್ಲಿ ಬುತ್ತಿಯೊಳಗೆ ನಡೆಯುವ ಲೆಕ್ಕ

ಬೇಸಗೆ ರಜೆ ಮುಗಿದು ಶಾಲೆ ಶುರುವಾಗುವ ಹೊತ್ತಿಗೆ ಮಂಗಳೂರು, ಉಡುಪಿ ಕಡೆಯ ಅಡುಗೆಮನೆಗಳಲ್ಲಿ ಒಂದು ಪ್ರಶ್ನೆ ತಪ್ಪದೆ ಬರುತ್ತದೆ. ಏಳು ಗಂಟೆಗೆ ಬುತ್ತಿಗೆ ಹಾಕಿದ ಮೊಸರನ್ನವನ್ನು ಮಕ್ಕಳು ಒಂದು ಗಂಟೆಗೆ ತಿನ್ನುತ್ತಾರೆ. ನಡುವೆ ಆರು ಗಂಟೆ. ಹೊರಗೆ ಅಂಗಿ ಮೈಗೆ ಅಂಟುವ ಸೆಕೆ. ಹಾಳಾಗಲ್ವಾ?

"ಮೊಸರು ಹಾಕಿದ ಮೇಲೆ ಏನೂ ಆಗಲ್ಲ, ನಾವೆಲ್ಲ ಅದನ್ನೇ ತಿಂದು ಬೆಳೆದವರು" ಅನ್ನುತ್ತಾರೆ ಅಜ್ಜಿ. "ಎರಡು ಗಂಟೆ ದಾಟಿದ ಅನ್ನ ವಿಷ" ಅನ್ನುತ್ತದೆ ಮೊಬೈಲಿಗೆ ಬಂದ ಮೆಸೇಜು. ಇಬ್ಬರೂ ಅರ್ಧ ಸರಿ. ಬೆಳಿಗ್ಗೆ ಹೊಸದಾಗಿ ಬೇಯಿಸಿ, ಬೇಗ ಆರಿಸಿ, ಸಾಕಷ್ಟು ಹುಳಿ ಮೊಸರು ಹಾಕಿ ಕಲಸಿದ ಅನ್ನ ಆರೋಗ್ಯವಾಗಿರುವವರಿಗೆ ಮಧ್ಯಾಹ್ನದ ಊಟದವರೆಗೆ ಸಾಮಾನ್ಯವಾಗಿ ತೊಂದರೆ ಮಾಡುವುದಿಲ್ಲ. ರಾತ್ರಿಯಿಡೀ ಹೊರಗೆ ಬಿದ್ದಿದ್ದ ಅನ್ನಕ್ಕೆ ಬೆಳಿಗ್ಗೆ ಮೊಸರು ಹಾಕಿದರೆ ಕಥೆ ಬೇರೆ. ನಾವೆಲ್ಲ ಬುತ್ತಿಯೊಳಗಿನ ಆರು ಗಂಟೆಯ ಬಗ್ಗೆ ತಲೆಕೆಡಿಸಿಕೊಳ್ಳುತ್ತೇವೆ. ನಿಜವಾದ ಲೆಕ್ಕ ಶುರುವಾಗುವುದು ಮೊಸರು ಬೀಳುವುದಕ್ಕೂ ಮುಂಚೆ.

ಬೇಯಿಸಿದರೂ ಸಾಯದ ಬೀಜಕಣ

ಅನ್ನದ ವಿಷಯದಲ್ಲಿ ಮುಖ್ಯ ಆರೋಪಿ ಒಂದು ಬ್ಯಾಕ್ಟೀರಿಯಾ. ಹೆಸರು ಬ್ಯಾಸಿಲಸ್ ಸೀರಿಯಸ್. ಇದು ಮಣ್ಣಿನಲ್ಲಿ ಇರುವಂಥದ್ದು. ಗದ್ದೆಯ ಮಣ್ಣಿನಿಂದ ಭತ್ತಕ್ಕೆ, ಭತ್ತದಿಂದ ಅಕ್ಕಿಗೆ ಬರುತ್ತದೆ. ಬೆಳ್ತಿಗೆ ಅಕ್ಕಿಯಾದರೂ ಅಷ್ಟೇ, ಕುಚ್ಚಲಕ್ಕಿಯಾದರೂ ಅಷ್ಟೇ. ಅಕ್ಕಿ ತೊಳೆದರೆ ಸ್ವಲ್ಪ ಕಮ್ಮಿಯಾಗಬಹುದು, ಪೂರ್ತಿ ಹೋಗುವುದಿಲ್ಲ.

ಬೇಯಿಸಿದರೆ ಸಾಯಬೇಕಲ್ವಾ ಅಂತ ಕೇಳಬಹುದು. ಬೆಳೆಯುತ್ತಿರುವ ಬ್ಯಾಕ್ಟೀರಿಯಾ ಸಾಯುತ್ತದೆ, ನಿಜ. ಆದರೆ ನೀರು, ಆಹಾರ ಸಿಗದಿದ್ದಾಗ ಇದು ಗಟ್ಟಿ ಕವಚದೊಳಗೆ ಸೇರಿಕೊಂಡು ಬೀಜಕಣವಾಗಿ ಕೂತುಬಿಡುತ್ತದೆ. ಒಣ ಅಕ್ಕಿಯಲ್ಲಿ ಇರುವುದು ಹೆಚ್ಚಾಗಿ ಈ ರೂಪದಲ್ಲೇ. ಕುದಿಯುವ ನೀರಿನ 100 ಡಿಗ್ರಿ ಬಿಸಿಯನ್ನು ಬೀಜಕಣ ತಡೆದುಕೊಳ್ಳಬಲ್ಲದು. ಏಪ್ರಿಲ್‌ನಲ್ಲಿ ಅಂಗಳದ ಹುಲ್ಲೆಲ್ಲ ಒಣಗಿ ಬೋಳಾಗಿ ಕಾಣುತ್ತದೆ, ಮೊದಲ ಮಳೆ ಬಿದ್ದ ವಾರದೊಳಗೆ ಎಲ್ಲೆಲ್ಲೂ ಹಸಿರು ಮೊಳಕೆ ಏಳುತ್ತದೆ. ಬೀಜ ಅಲ್ಲೇ ಇತ್ತು, ಸಮಯಕ್ಕೆ ಕಾಯುತ್ತಿತ್ತು ಅಷ್ಟೇ. ಅನ್ನದೊಳಗಿನ ಬೀಜಕಣದ ಕಥೆಯೂ ಇದೇ. ಬೇಯಿಸಿದ ಬಿಸಿಯೇ ಅದನ್ನು ಎಚ್ಚರಿಸುತ್ತದೆ. ಅನ್ನ ಆರುತ್ತಾ ಬಂದಾಗ ಪಕ್ಕದಲ್ಲೇ ನೀರೂ ಇದೆ, ಪಿಷ್ಟವೂ ಇದೆ.

ಕುಕ್ಕರ್‌ನಲ್ಲಿ ಒತ್ತಡದಿಂದ ಬಿಸಿ 120 ಡಿಗ್ರಿಯ ಹತ್ತಿರಕ್ಕೆ ಹೋಗುತ್ತದೆ. ಹಾಗಾಗಿ ಬೀಜಕಣಗಳ ಸಂಖ್ಯೆ ಒಂದಷ್ಟು ಇಳಿಯುತ್ತದೆ. ಆದರೆ ಮೂರು ವಿಷಲ್‌ನ ಹೊತ್ತು ಬಲು ಚಿಕ್ಕದು. ಮೇಲಿಂದ ನಾವು ಹಾಕುವ ಸೌಟು, ಪಾತ್ರೆ, ಒಗ್ಗರಣೆಯ ಸಾಸಿವೆ, ಇಂಗು, ಕರಿಬೇವು ಇವುಗಳಿಂದ ಹೊಸದಾಗಿಯೂ ಬರಬಹುದು. ಕುಕ್ಕರ್ ಅನ್ನ ಅಂತ ಧೈರ್ಯ ಮಾಡುವ ಹಾಗಿಲ್ಲ.

ಈ ಬ್ಯಾಕ್ಟೀರಿಯಾಕ್ಕೆ ತೀರಾ ಇಷ್ಟವಾದ ಬಿಸಿ ಸುಮಾರು 28ರಿಂದ 37 ಡಿಗ್ರಿ. ಅಂದ್ರೆ ನಮ್ಮ ಊರಿನ ಹವಾಮಾನವೇ! ಬೇಸಗೆಯಲ್ಲಿ ಮಂಗಳೂರಿನ ಮಧ್ಯಾಹ್ನ 33-34 ಡಿಗ್ರಿ ಇರುತ್ತದೆ, ರಾತ್ರಿಯೂ 25ರ ಕೆಳಗೆ ಇಳಿಯುವುದು ಕಷ್ಟ. ಘಟ್ಟದ ಮೇಲಿನ ಊರುಗಳಲ್ಲಿ ರಾತ್ರಿ ತಣ್ಣಗಾಗಿ ಸ್ವಲ್ಪ ಬಿಡುವು ಸಿಗುತ್ತದೆ. ನಮಗೆ ಅದೂ ಇಲ್ಲ. ಜೂನ್‌ನಲ್ಲಿ ಮಳೆ ಹೊಯ್ದು ನಮಗೆ ಹಾಯೆನಿಸಿದರೂ ಹೊರಗಿನ ಬಿಸಿ 28ರ ಆಸುಪಾಸು ಇರುತ್ತದೆ. ಬ್ಯಾಕ್ಟೀರಿಯಾಕ್ಕೆ ಅದೂ ಹಿತವೇ. ಹಾಗಾಗಿ "ಮಳೆಗಾಲ ಅಲ್ವಾ, ಏನಾಗಲ್ಲ" ಅನ್ನುವ ಮಾತು ಇಲ್ಲಿ ನಡೆಯುವುದಿಲ್ಲ.

ಬ್ಯಾಕ್ಟೀರಿಯಾ ಬೇರೆ, ವಿಷ ಬೇರೆ

ಬ್ಯಾಸಿಲಸ್ ಸೀರಿಯಸ್ ಎರಡು ಥರ ಕಾಟ ಕೊಡುತ್ತದೆ. ಒಂದರಲ್ಲಿ ಬ್ಯಾಕ್ಟೀರಿಯಾ ಹೊಟ್ಟೆಗೆ ಹೋಗಿ, ಕರುಳಿನಲ್ಲಿ ಬೆಳೆದು, 6ರಿಂದ 15 ಗಂಟೆಗಳಲ್ಲಿ ಭೇದಿ ಶುರುಮಾಡುತ್ತದೆ. ಇನ್ನೊಂದರಲ್ಲಿ ಅದು ಅನ್ನದಲ್ಲಿ ಬೆಳೆಯುವಾಗಲೇ ವಿಷ ಉಗುಳಿಬಿಟ್ಟಿರುತ್ತದೆ. ಈ ವಿಷಕ್ಕೆ ಸೆರ್ಯುಲೈಡ್ ಎಂದು ಹೆಸರು. ತಿಂದ ಅರ್ಧ ಗಂಟೆಯಿಂದ ಆರು ಗಂಟೆಯೊಳಗೆ ವಾಂತಿ ಬರುತ್ತದೆ. ಅನ್ನದ ಮಟ್ಟಿಗೆ ಈ ಎರಡನೆಯದೇ ಜಾಸ್ತಿ.

ಇಲ್ಲಿ ಒಂದು ವಿಷಯ ಸರಿಯಾಗಿ ತಿಳಿದುಕೊಳ್ಳಬೇಕು. ಸೆರ್ಯುಲೈಡ್ ಜೀವಿ ಅಲ್ಲ, ಒಂದು ರಾಸಾಯನಿಕ. ಅದನ್ನು ಸಾಯಿಸಲು ಆಗುವುದಿಲ್ಲ. 121 ಡಿಗ್ರಿಯಲ್ಲಿ ಒಂದೂವರೆ ಗಂಟೆ ಕಾಯಿಸಿದರೂ ಅದು ಹಾಳಾಗುವುದಿಲ್ಲ. ನಮ್ಮ ಹೊಟ್ಟೆಯ ಆಮ್ಲಕ್ಕೂ ಜಗ್ಗುವುದಿಲ್ಲ. ಹೊಟ್ಟೆಯ ಆಮ್ಲಕ್ಕೇ ಜಗ್ಗದ್ದು ಮೊಸರಿನ ಹುಳಿಗೆ ಜಗ್ಗುತ್ತದಾ?

1970ರ ದಶಕದ ಶುರುವಿನಲ್ಲಿ ಬ್ರಿಟನ್ನಿನಲ್ಲಿ ಇದು ಮೊದಲು ದೊಡ್ಡದಾಗಿ ಬೆಳಕಿಗೆ ಬಂತು. ಫ್ರೈಡ್ ರೈಸ್ ತಿಂದವರು ಕೆಲವೇ ಗಂಟೆಗಳಲ್ಲಿ ವಾಂತಿ ಮಾಡಿಕೊಳ್ಳುತ್ತಿದ್ದರು. ಹೋಟೆಲುಗಳಲ್ಲಿ ದೊಡ್ಡ ಪ್ರಮಾಣದಲ್ಲಿ ಅನ್ನ ಬೇಯಿಸಿ ರಾತ್ರಿಯಿಡೀ ಹೊರಗೆ ಇಡುತ್ತಿದ್ದರು, ಉದುರುದುರಾಗಲಿ ಅಂತ. ಮರುದಿನ ಬಾಣಲೆಯಲ್ಲಿ ಎಣ್ಣೆ ಕಾಯಿಸಿ ಹುರಿಯುತ್ತಿದ್ದರು. ಅಷ್ಟು ಹುರಿದರೂ ತೊಂದರೆ ತಪ್ಪಲಿಲ್ಲ, ಯಾಕೆಂದರೆ ವಿಷ ರಾತ್ರಿಯೇ ತಯಾರಾಗಿತ್ತು.

ಹುಳಿ ಏನು ಮಾಡುತ್ತದೆ

ಈಗ ಮೊಸರಿನ ಪಾಲಿಗೆ ಬರೋಣ. ಅಜ್ಜಿಯ ಮಾತು ಸುಮ್ನೆ ಹುಟ್ಟಿದ್ದಲ್ಲ.

ಒಂದು ಪದಾರ್ಥ ಎಷ್ಟು ಹುಳಿ ಎಂಬುದನ್ನು ಪಿಎಚ್ ಎಂಬ ಅಳತೆಯಲ್ಲಿ ಹೇಳುತ್ತಾರೆ. 7 ಅಂದರೆ ಹುಳಿಯೂ ಅಲ್ಲ, ಕ್ಷಾರದ ಗುಣವೂ ಅಲ್ಲ, ಶುದ್ಧ ನೀರಿನ ಹಾಗೆ. ಅಂಕಿ ಇಳಿದಷ್ಟೂ ಹುಳಿ ಏರುತ್ತದೆ. ಬೇಯಿಸಿದ ಅನ್ನ 6ರಿಂದ 7ರ ನಡುವೆ ಇರುತ್ತದೆ. ಹಾಲು ಸುಮಾರು 6.6. ಚೆನ್ನಾಗಿ ಹೆಪ್ಪಾದ ಮೊಸರು 4.5ರ ಆಸುಪಾಸು, ಕಡು ಹುಳಿಯಾದರೆ ಇನ್ನೂ ಕೆಳಗೆ.

ಬ್ಯಾಸಿಲಸ್ ಸೀರಿಯಸ್‌ಗೆ ಹುಳಿ ಆಗಿಬರುವುದಿಲ್ಲ. ಪಿಎಚ್ 5ಕ್ಕೆ ಇಳಿಯುತ್ತಿದ್ದಂತೆ ಅದರ ಬೆಳವಣಿಗೆ ಕುಂಟುತ್ತದೆ. ಇನ್ನೂ ಕೆಳಗೆ, ನಾಲ್ಕೂವರೆಯ ಸುತ್ತಮುತ್ತ, ಹೆಚ್ಚುಕಮ್ಮಿ ನಿಂತೇಹೋಗುತ್ತದೆ. ಅನ್ನ ಒಂದು ಲೋಟ, ಹುಳಿ ಮೊಸರೂ ಒಂದು ಲೋಟ ಹಾಕಿ ಕಲಸಿದರೆ ಅನ್ನದ ಹುಳಿ ಆ ಮಟ್ಟಕ್ಕೆ ಹತ್ತಿರ ಬರುತ್ತದೆ. ಮೇಲಾಗಿ ಮೊಸರಿನಲ್ಲಿ ಕೋಟಿಗಟ್ಟಲೆ ಹೆಪ್ಪಿನ ಬ್ಯಾಕ್ಟೀರಿಯಾ ಜೀವಂತವಾಗಿವೆ. ಅವೂ ಸೆಕೆಗೆ ಚುರುಕಾಗುತ್ತವೆ, ಇನ್ನಷ್ಟು ಲ್ಯಾಕ್ಟಿಕ್ ಆಮ್ಲ ಬಿಡುತ್ತವೆ. ಬುತ್ತಿ ಬೆಳಿಗ್ಗೆಗಿಂತ ಮಧ್ಯಾಹ್ನ ಜಾಸ್ತಿ ಹುಳಿಯಾಗಿರುವುದು ಇದಕ್ಕೇ. ನಾಲಿಗೆಗೆ ಅದು ಬೇಸರ ತರಬಹುದು, ಆದರೆ ಹುಳಿಯಾಯಿತು ಅಂದರೆ ವಿಷವಾಯಿತು ಅಂತಲ್ಲ. ಆರೋಗ್ಯದ ದೃಷ್ಟಿಯಿಂದ ಆ ಹುಳಿ ನಮ್ಮ ಕಡೆಯದು.

ಒಂದು ಷರತ್ತು ಇದೆ. ಹೆಪ್ಪಿನ ಬ್ಯಾಕ್ಟೀರಿಯಾ ಜೀವಂತವಾಗಿರಬೇಕು. ಒಲೆಯಿಂದ ಇಳಿಸಿದ ಹಬೆಯಾಡುವ ಅನ್ನಕ್ಕೆ ಮೊಸರು ಸುರಿದರೆ ಅವುಗಳಲ್ಲಿ ಬಹಳಷ್ಟು ಅಲ್ಲೇ ಸಾಯುತ್ತವೆ. ಮೊಸರು ಒಡೆದು ನೀರು ಬೇರೆಯಾಗುತ್ತದೆ. ಹುಳಿ ಇದ್ದಷ್ಟೇ ಉಳಿಯುತ್ತದೆ, ಮುಂದೆ ಏರುವುದಿಲ್ಲ.

ಹಾಲು ಜಾಸ್ತಿ, ಮೊಸರು ಎರಡೇ ಚಮಚ

ಮಧ್ಯಾಹ್ನಕ್ಕೆ ಹುಳಿಯಾಗಬಾರದು ಅಂತ ಎಷ್ಟೋ ಮನೆಗಳಲ್ಲಿ ಅನ್ನಕ್ಕೆ ಹಾಲು ಹಾಕಿ, ಮೇಲೆ ಎರಡು ಚಮಚ ಮೊಸರು ಹಾಕಿ ಕಲಸುತ್ತಾರೆ. ಊಟದ ಹೊತ್ತಿಗೆ ಬುತ್ತಿಯಲ್ಲೇ ಹೆಪ್ಪಾಗಿ ಗಟ್ಟಿ ಮೊಸರನ್ನ ಸಿಗುತ್ತದೆ. ರುಚಿಗೆ ಇದನ್ನು ಮೀರಿಸುವುದು ಕಷ್ಟ, ಒಪ್ಪಿದೆ. ಸುರಕ್ಷತೆಯಲ್ಲಿ ಮಾತ್ರ ಇದು ಎರಡನೇ ಸ್ಥಾನ.

ಯಾಕೆಂದರೆ ಕಲಸಿದ ಗಳಿಗೆಯಲ್ಲಿ ಆ ಅನ್ನ ಹುಳಿಯೇ ಅಲ್ಲ. ಪಿಎಚ್ ಆರರ ಮೇಲೇ ಇರುತ್ತದೆ. 30 ಡಿಗ್ರಿಯ ಸೆಕೆಯಲ್ಲಿ ಹಾಲು ಹೆಪ್ಪಾಗಲು ನಾಲ್ಕಾರು ಗಂಟೆ ಬೇಕು. ಅಲ್ಲಿಯವರೆಗೆ ಹೆಪ್ಪಿನವು, ಬ್ಯಾಸಿಲಸ್ ಎರಡೂ ಒಂದೇ ಹಾಲನ್ನವನ್ನು ಉಣ್ಣುತ್ತಿರುತ್ತವೆ. ಸಂಖ್ಯೆಯಲ್ಲಿ ಹೆಪ್ಪಿನವು ಎಷ್ಟೋ ಪಟ್ಟು ಜಾಸ್ತಿ. ಹಾಗಾಗಿ ಹೊಸ ಅನ್ನ, ಕಾಯಿಸಿ ಆರಿಸಿದ ಹಾಲು, ಚುರುಕಾದ ಹೆಪ್ಪು ಇದ್ದರೆ ಸಾಮಾನ್ಯವಾಗಿ ಅವೇ ಗೆಲ್ಲುತ್ತವೆ. ಮೊಸರು ಹಳೆಯದಾಗಿ ಸತ್ವ ಕಳೆದುಕೊಂಡಿದ್ದರೆ, ಅಥವಾ ಅನ್ನ ರಾತ್ರಿಯದ್ದಾಗಿದ್ದರೆ ಗೆಲ್ಲುವ ಖಾತ್ರಿ ಇಲ್ಲ. ಮಧ್ಯಾಹ್ನ ಬುತ್ತಿ ತೆರೆದಾಗ ಹಾಲು ಹೆಪ್ಪಾಗದೆ ತೆಳ್ಳಗೇ ಇದ್ದು, ಹುಳಿಯೂ ಬಾರದೆ ಬೇರೇನೋ ವಾಸನೆ ಬಂದರೆ ಅದು ಹೆಪ್ಪು ಸೋತ ಗುರುತು. ತಿನ್ನಬಾರದು.

ಹಾಲು ಬೇಕೇಬೇಕು ಅನ್ನುವವರಿಗೆ ನಡುವಿನ ದಾರಿ ಇದೆ. ಮೊಸರಿನ ಪಾಲು ಹಾಲಿಗಿಂತ ಕಮ್ಮಿಯಾಗದಂತೆ ನೋಡಿಕೊಳ್ಳಿ. ಕಲಸಿದ ಕೂಡಲೇ ಬಾಯಿಗೆ ಹಾಕಿದರೆ ಸಣ್ಣಗೆ ಹುಳಿ ಗೊತ್ತಾಗಬೇಕು.

ಒಂದೇ ಮನೆಯ ಎರಡು ಬುತ್ತಿ

ಒಂದು ಲೆಕ್ಕ ಹಾಕಿ ನೋಡೋಣ. ಕಾಪುವಿನ ಒಂದು ಮನೆ ಅಂತ ಇಟ್ಟುಕೊಳ್ಳಿ. ತಾಯಿ ಉಡುಪಿಗೆ ಬಸ್ಸಿನಲ್ಲಿ ಕೆಲಸಕ್ಕೆ ಹೋಗುತ್ತಾರೆ, ಮಗಳು ಶಾಲೆಗೆ. ಇಬ್ಬರೂ ಊಟ ಮಾಡುವುದು ಒಂದೂಕಾಲಕ್ಕೆ.

ಮಗಳ ಬುತ್ತಿಗೆ ಬೆಳಿಗ್ಗೆ ಆರಕ್ಕೆ ಬೆಳ್ತಿಗೆ ಅಕ್ಕಿ ಕುಕ್ಕರಿಗೆ ಹೋಯಿತು. ಆರೂವರೆಗೆ ಅನ್ನ ಅಗಲ ತಟ್ಟೆಗೆ ಬಿತ್ತು, ಫ್ಯಾನಿನ ಕೆಳಗೆ ಆರಿತು. ಆರು ಐವತ್ತಕ್ಕೆ ಮೊಸರು ಹಾಕಿ ಕಲಸಿದರು. ತಾಯಿಯದು ರಾತ್ರಿ ಉಳಿದ ಅನ್ನ. ಎಂಟಕ್ಕೆ ಬೇಯಿಸಿದ್ದು, ಊಟ ಮುಗಿದ ಮೇಲೆ ಕುಕ್ಕರಿನಲ್ಲೇ ಮುಚ್ಚಿ ಕಟ್ಟೆಯ ಮೇಲೆ ಬಿಟ್ಟಿದ್ದರು. "ಹಾಳು ಮಾಡುವುದು ಯಾಕೆ, ನನಗೆ ಸಾಕು" ಅಂತ ಬೆಳಿಗ್ಗೆ ಅದೇ ಮೊಸರನ್ನು ಅದಕ್ಕೂ ಹಾಕಿದರು.

ಹಿತವಾದ ಬಿಸಿಯಲ್ಲಿ ಬ್ಯಾಸಿಲಸ್ ಸುಮಾರು ಅರ್ಧ ಗಂಟೆಗೊಮ್ಮೆ ಎರಡಾಗುತ್ತದೆ ಅಂತ ಇಟ್ಟುಕೊಳ್ಳೋಣ. ಬೀಜಕಣ ಎಚ್ಚರಾಗಲು ಒಂದೂವರೆ ಗಂಟೆ ಕೊಡೋಣ. ಬೇಯಿಸಿದ ಮೇಲೆ ಒಂದು ಗ್ರಾಂ ಅನ್ನದಲ್ಲಿ 10 ಉಳಿದಿವೆ ಅನ್ನೋಣ. ತೊಂದರೆ ಕೊಟ್ಟ ಆಹಾರಗಳಲ್ಲಿ ಸಾಮಾನ್ಯವಾಗಿ ಗ್ರಾಂಗೆ ಒಂದು ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಕಂಡುಬರುತ್ತದೆ. ನಮ್ಮ ಗಡಿ ಅದು.

ಮಗಳ ಬುತ್ತಿಯಲ್ಲಿ ಮೊಸರೇ ಇಲ್ಲ ಅಂತ ಮೊದಲು ಎಣಿಸೋಣ. ಅನ್ನದ ಬಿಸಿ ಇಳಿದ ಆರು ಮುಕ್ಕಾಲಿನಿಂದ ಒಂದೂಕಾಲಿಗೆ ಆರೂವರೆ ಗಂಟೆ. ಎಚ್ಚರಾಗುವ ಹೊತ್ತು ಕಳೆದರೆ ಐದು ಗಂಟೆ, ಅಂದರೆ ಹತ್ತು ಸಲ ಎರಡೆರಡು ಪಟ್ಟು. 10 ಇದ್ದದ್ದು ಸುಮಾರು ಹತ್ತು ಸಾವಿರ ಆಗುತ್ತದೆ. ಗಡಿಗೆ ಇನ್ನೂ ದೂರ, ಆದರೆ ನಿಶ್ಚಿಂತೆಯಿಂದ ಕೂರುವಷ್ಟು ದೂರವಲ್ಲ. ಮೊಸರಿನ ಹುಳಿ ಬಿದ್ದ ಕೂಡಲೇ ಈ ಓಟಕ್ಕೆ ಕಡಿವಾಣ ಬೀಳುತ್ತದೆ. ಹತ್ತು ಸಲದ ಜಾಗದಲ್ಲಿ ಒಂದೆರಡು ಸಲ, ಕೆಲವೊಮ್ಮೆ ಅದೂ ಇಲ್ಲ. ಇದೇ ಮೊಸರನ್ನದ ಬಲ.

ತಾಯಿಯ ಅನ್ನ ರಾತ್ರಿ ಒಂಬತ್ತೂವರೆಯ ಹೊತ್ತಿಗೆ ಉಗುರುಬೆಚ್ಚಗಾಯಿತು. ಮುಚ್ಚಿದ ದಪ್ಪ ಪಾತ್ರೆಯಲ್ಲಿ ಆ ಬೆಚ್ಚಗೆ ಬೇಗ ಹೋಗುವುದಿಲ್ಲ. ಬೆಳಿಗ್ಗೆ ಆರು ಐವತ್ತರವರೆಗೆ ಒಂಬತ್ತು ಗಂಟೆಗೂ ಜಾಸ್ತಿ. ಎಚ್ಚರಾಗುವ ಹೊತ್ತು ಕಳೆದು ಹತ್ತಿರ ಎಂಟು ಗಂಟೆ ಅಂದರೆ ಹದಿನಾರು ಸಲ ಎರಡೆರಡು ಪಟ್ಟು. 10 ಇದ್ದದ್ದು ಆರೂವರೆ ಲಕ್ಷ! ರಾತ್ರಿ ಅಡುಗೆಮನೆ ಸ್ವಲ್ಪ ತಣ್ಣಗಿದ್ದು ವೇಗ ಕಮ್ಮಿಯಾಯಿತು ಅಂದುಕೊಂಡರೂ ನಲವತ್ತು ಸಾವಿರಕ್ಕೆ ಮೋಸವಿಲ್ಲ. ಮೊಸರು ಬೀಳುವುದಕ್ಕೆ ಮುಂಚೆಯೇ ಇಷ್ಟು.

ಈಗ ಮೊಸರು ಹಾಕಿದರೆ ಬ್ಯಾಕ್ಟೀರಿಯಾ ಬೆಳೆಯುವುದು ನಿಲ್ಲಬಹುದು. ಅಷ್ಟರಲ್ಲಿ ಉಗುಳಿದ ಸೆರ್ಯುಲೈಡ್ ಅಲ್ಲೇ ಇರುತ್ತದೆ. ಅಂದ್ರೆ ತಾಯಿ ತನ್ನ ಬುತ್ತಿಯನ್ನು ಮಧ್ಯಾಹ್ನದವರೆಗೆ ಕಾಯದೆ ಏಳು ಗಂಟೆಗೇ ತಿಂದರೂ ಅಪಾಯ ಹೆಚ್ಚುಕಮ್ಮಿ ಅಷ್ಟೇ. ಬಸ್ಸಿನ ಸೆಕೆ, ಬ್ಯಾಗಿನೊಳಗಿನ ಆರು ಗಂಟೆ ಇವು ಇಲ್ಲಿ ದೊಡ್ಡ ಕಾರಣಗಳೇ ಅಲ್ಲ.

ಇದು ತಿಳಿಯಲೆಂದು ಹಾಕಿದ ಸರಳ ಲೆಕ್ಕ. ನಿಜದ ಅನ್ನದಲ್ಲಿ ಅಂಕಿಗಳು ಹಿಂದೆಮುಂದೆ ಆಗುತ್ತವೆ. ಬ್ಯಾಸಿಲಸ್ ಸೀರಿಯಸ್‌ನ ಎಲ್ಲ ತಳಿಗಳೂ ಸೆರ್ಯುಲೈಡ್ ತಯಾರಿಸುವುದಿಲ್ಲ, ತಯಾರಿಸುವವು ಕಮ್ಮಿಯೇ. ರಾತ್ರಿ ಉಳಿದ ಅನ್ನ ತಿಂದು ವರ್ಷಗಟ್ಟಲೆ ಏನೂ ಆಗದವರು ನಮ್ಮ ಸುತ್ತ ಇರುವುದು ಅದಕ್ಕೇ. ಅಕ್ಕಿಯಲ್ಲಿ ಯಾವ ತಳಿ ಬಂದಿದೆ ಅಂತ ಮನೆಯಲ್ಲಿ ಗೊತ್ತಾಗುವ ದಾರಿ ಇಲ್ಲ, ಅಷ್ಟೇ ಕಷ್ಟ.

ಹಾಗಾದ್ರೆ ನೀರು ಹಾಕಿಟ್ಟ ತಂಗಳನ್ನ? ಅದರಲ್ಲಿ ರಾತ್ರಿಯಿಡೀ ಹುಳಿ ಬರಿಸುವ ಬ್ಯಾಕ್ಟೀರಿಯಾ ಬೆಳೆದು ನೀರೇ ಹುಳಿಯಾಗುತ್ತದೆ. ಮಜ್ಜಿಗೆ ಬೆರೆಸಿಟ್ಟರೆ ಹುಳಿ ಇನ್ನೂ ಬೇಗ ಬರುತ್ತದೆ. ಮುಚ್ಚಿಟ್ಟ ಒಣ ಅನ್ನಕ್ಕೂ ಅದಕ್ಕೂ ವ್ಯತ್ಯಾಸ ಇದೆ. ಆದರೂ ಹುಳಿ ಏರುವ ಮುಂಚಿನ ಗಂಟೆಗಳು ಅಲ್ಲೂ ಇವೆ, ಹಾಗಾಗಿ ಮಕ್ಕಳ ಬುತ್ತಿಗೆ ಅದನ್ನು ಶಿಫಾರಸು ಮಾಡಲಾರೆ.

ಎರಡು ಗಂಟೆಯ ನಿಯಮ ಎಲ್ಲಿಂದ ಬಂತು

ಮೊಬೈಲಿನ ಮೆಸೇಜಿಗೂ ಒಂದು ಮೂಲ ಇದೆ. ಬೇಗ ಕೆಡುವ ಆಹಾರ ಹೊರಗೆ ಎರಡು ಗಂಟೆಗಿಂತ ಜಾಸ್ತಿ ಇರಬಾರದು, ಹೊರಗಿನ ಬಿಸಿ 32 ಡಿಗ್ರಿ ದಾಟಿದ್ದರೆ ಒಂದೇ ಗಂಟೆ ಅಂತ ಅಮೆರಿಕದ ಕೃಷಿ ಇಲಾಖೆ ಹೇಳುತ್ತದೆ. ಮಾಂಸ, ಹಾಲು, ಅನ್ನ ಎಲ್ಲಕ್ಕೂ, ಎಲ್ಲ ವಯಸ್ಸಿನವರಿಗೂ ಒಟ್ಟಿಗೆ ಅನ್ವಯವಾಗಲಿ ಅಂತ ಮಾಡಿದ ನಿಯಮ ಅದು. ಹಾಗಾಗಿ ಬಿಗಿಯಾಗಿದೆ. ಅದನ್ನು ಪಾಲಿಸಿದರೆ ತಪ್ಪೇನಿಲ್ಲ.

ಬರೀ ಅನ್ನ, ಹಾಲನ್ನ, ಪುಲಾವ್ ಇವಕ್ಕೆ ಆ ಬಿಗಿ ನಿಯಮವೇ ಸರಿ. ಚೆನ್ನಾಗಿ ಹುಳಿಯಾದ ಆಹಾರವನ್ನು ಆಹಾರ ಸುರಕ್ಷತೆಯವರೂ ಬೇರೆಯಾಗಿ ನೋಡುತ್ತಾರೆ. ಪಿಎಚ್ 4.6 ಅಥವಾ ಕೆಳಗೆ ಇದ್ದರೆ ಅಪಾಯ ಬಹಳ ಇಳಿಯುತ್ತದೆ ಎಂಬುದು ಅವರ ಲೆಕ್ಕ. ನಾವು ಕಲಸುವ ಮೊಸರನ್ನ ಆ ಗಡಿಯ ಅಕ್ಕಪಕ್ಕ ಓಡಾಡುತ್ತದೆ. ಒಂದು ದಿನ ಕೆಳಗೆ, ಒಂದು ದಿನ ಮೇಲೆ. ಪುಟ್ಟ ಮಕ್ಕಳು, ಬಸುರಿಯರು, ವಯಸ್ಸಾದವರು, ಕಾಯಿಲೆಯಿಂದ ನಿತ್ರಾಣ ಆದವರ ಬುತ್ತಿಯಾದರೆ ಆ ಗಡಿಯನ್ನು ನಂಬಿ ಕೂರದೆ ತಣ್ಣಗಿಡುವ ವ್ಯವಸ್ಥೆ ಮಾಡುವುದು ಒಳ್ಳೆಯದು.

ಬಿಸಿ ಕಾಯುವ ಬುತ್ತಿಯ ಎಡವಟ್ಟು

ಈಗ ಎಲ್ಲರ ಮನೆಯಲ್ಲೂ ಬಿಸಿ ಉಳಿಸುವ ದಪ್ಪ ಗೋಡೆಯ ಬುತ್ತಿ ಇದೆ. ಸಾರನ್ನ, ಪುಲಾವ್ ಹಬೆಯಾಡುವಾಗಲೇ ಹಾಕಿ ಮುಚ್ಚಿದರೆ ಅದು ಉಪಕಾರಿ, ಬಿಸಿ 60 ಡಿಗ್ರಿಯ ಮೇಲೆ ಇರುವಷ್ಟು ಹೊತ್ತು ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ. ಮೊಸರನ್ನವನ್ನು ಯಾರೂ ಹಬೆಯಾಡುವಾಗ ಹಾಕುವುದಿಲ್ಲ, ಉಗುರುಬೆಚ್ಚಗೆ ಇರುವಾಗ ಹಾಕುತ್ತೇವೆ. ಆಗ ಬುತ್ತಿ ಅದೇ ಮೂವತ್ತೈದು-ನಲವತ್ತು ಡಿಗ್ರಿಯನ್ನು ಗಂಟೆಗಟ್ಟಲೆ ಜೋಪಾನವಾಗಿ ಕಾಯುತ್ತದೆ. ಬ್ಯಾಸಿಲಸ್‌ಗೆ ಇದಕ್ಕಿಂತ ಒಳ್ಳೆಯ ತೊಟ್ಟಿಲು ಸಿಗಲಿಕ್ಕಿಲ್ಲ.

ಅದೇ ಬುತ್ತಿಯನ್ನು ತಿರುಗಿಸಿ ಬಳಸಬಹುದು. ಅನ್ನ ಪೂರ್ತಿ ಆರಿಸಿ, ಫ್ರಿಜ್ಜಿನಿಂದ ತೆಗೆದ ತಣ್ಣನೆ ಮೊಸರು ಹಾಕಿ ಕಲಸಿ, ಬುತ್ತಿಯನ್ನೂ ತಣ್ಣೀರಿನಿಂದ ತೊಳೆದು ಒರೆಸಿ ತುಂಬಿದರೆ ಅದು ತಂಪನ್ನೂ ಅಷ್ಟೇ ಜೋಪಾನವಾಗಿ ಕಾಯುತ್ತದೆ. ಸಾದಾ ಸ್ಟೀಲ್ ಡಬ್ಬಿಯಾದರೆ ಬಟ್ಟೆಯ ಬುತ್ತಿಚೀಲದಲ್ಲಿ ಪಕ್ಕಕ್ಕೆ ಒಂದು ಪುಟ್ಟ ನೀರಿನ ಬಾಟಲಿಯನ್ನು ಮಂಜುಗಡ್ಡೆ ಮಾಡಿ ಇಡಬಹುದು. ಊಟದ ಹೊತ್ತಿಗೆ ಕುಡಿಯಲು ತಣ್ಣೀರೂ ಆಯಿತು. ಬಾಟಲಿಯನ್ನು ಮುಕ್ಕಾಲು ಮಾತ್ರ ತುಂಬಿ, ಇಲ್ಲದಿದ್ದರೆ ನೀರು ಹೆಪ್ಪುಗಟ್ಟುವಾಗ ಒಡೆಯುತ್ತದೆ. ಸ್ಕೂಟರಿನ ಸೀಟಿನ ಕೆಳಗೆ, ಬಿಸಿಲಿಗೆ ನಿಂತ ಕಾರಿನೊಳಗೆ ಬುತ್ತಿ ಬಿಡುವುದು ಮಾತ್ರ ಬೇಡವೇ ಬೇಡ.

ಕೈ ಮತ್ತು ಸೌತೆಕಾಯಿ

ಮೊಸರನ್ನವನ್ನು ಕೈಯಲ್ಲೇ ಹಿಸುಕಿ ಕಲಸಬೇಕು, ಆಗಲೇ ರುಚಿ ಅನ್ನುವವರಿದ್ದಾರೆ. ಬಾಳೆಲೆಯ ಮುಂದೆ ಕೂತು ಕೂಡಲೇ ಉಣ್ಣುವುದಾದರೆ ತಕರಾರಿಲ್ಲ. ಆರು ಗಂಟೆ ಇಡುವುದಾದರೆ ಚಮಚವೇ ವಾಸಿ. ನಮ್ಮ ಚರ್ಮ, ಮೂಗಿನಲ್ಲಿ ಸ್ಟೆಫಿಲೋಕಾಕಸ್ ಎಂಬ ಇನ್ನೊಂದು ಬ್ಯಾಕ್ಟೀರಿಯಾ ಇರುತ್ತದೆ. ಬೆರಳಿಗೆ ಗಾಯ, ಉಗುರುಸುತ್ತು ಇದ್ದರೆ ಇನ್ನೂ ಜಾಸ್ತಿ. ಇದೂ ಆಹಾರದಲ್ಲೇ ವಿಷ ಬಿಡುತ್ತದೆ, ಆ ವಿಷವೂ ಬಿಸಿಗೆ ಸುಲಭವಾಗಿ ಹಾಳಾಗುವುದಿಲ್ಲ. ಉಪ್ಪಿಗೂ, ಸ್ವಲ್ಪ ಮಟ್ಟಿನ ಹುಳಿಗೂ ಇದು ಬ್ಯಾಸಿಲಸ್‌ಗಿಂತ ಜಾಸ್ತಿ ತಾಳುತ್ತದೆ.

ಹಸಿ ಸೌತೆಕಾಯಿ, ಕ್ಯಾರೆಟ್ ತುರಿ, ಕೊತ್ತಂಬರಿ ಸೊಪ್ಪು ಬೆರೆಸಿದರೆ ಮಣ್ಣಿನ ಬ್ಯಾಕ್ಟೀರಿಯಾವೂ ಒಳಗೆ ಬಂತು, ನೀರು ಬಿಟ್ಟು ಹುಳಿಯೂ ತೆಳ್ಳಗಾಯಿತು. ಬೇಕಿದ್ದರೆ ಬೇರೆ ಡಬ್ಬಿಯಲ್ಲಿ ಕಟ್ಟಿ ಕೊಡಿ. ಸಾಸಿವೆ, ಶುಂಠಿ, ಹಸಿಮೆಣಸಿನ ಒಗ್ಗರಣೆಯನ್ನು ಚೆನ್ನಾಗಿ ಕಾದ ಎಣ್ಣೆಯಲ್ಲಿ ಮಾಡಿ, ಆರಿದ ಮೇಲೆ ಹಾಕಿ. ಶುಂಠಿ, ಇಂಗು ಹಾಕಿದರೆ ಕೆಡಲ್ಲ ಅನ್ನುವ ಮಾತನ್ನು ರುಚಿಯ ಲೆಕ್ಕಕ್ಕೆ ಬಿಡಿ. ನಾವು ಹಾಕುವ ಚಿಟಿಕೆ ಬ್ಯಾಕ್ಟೀರಿಯಾಕ್ಕೆ ಲೆಕ್ಕವೇ ಅಲ್ಲ. ಉಪ್ಪಿನಕಾಯಿಯ ಮಾವಿನಮಿಡಿಯೂ ತನ್ನ ಸುತ್ತಲಿನ ನಾಲ್ಕು ಅಗುಳನ್ನಷ್ಟೇ ಕಾಪಾಡೀತು.

ಮುಚ್ಚಳ ತೆಗೆದಾಗ ಗೊತ್ತಾಗುತ್ತಾ?

ಕೆಟ್ಟದ್ದು ಕೆಲವೊಮ್ಮೆ ಗೊತ್ತಾಗುತ್ತದೆ. ಮುಚ್ಚಳ ತೆಗೆಯುವಾಗ ಗಾಳಿ ಪುಸ್ಸೆಂದರೆ, ಮೇಲೆ ನೊರೆ ಅಥವಾ ಗುಳ್ಳೆ ಕಂಡರೆ, ಚಮಚ ಎತ್ತಿದಾಗ ಎಳೆ ಎಳೆಯಾಗಿ ಲೋಳೆ ಬಂದರೆ, ಕಹಿ ಅನಿಸಿದರೆ, ಮೊಸರಿನ ಹುಳಿಯಲ್ಲದ ಹಳಸಿದ ವಾಸನೆ ಬಂದರೆ ಅಲ್ಲಿಗೆ ಬಿಟ್ಟುಬಿಡಬೇಕು. ಸುತ್ತ ಒಂಚೂರು ನೀರು ಬಿಟ್ಟಿದ್ದು, ಹುಳಿ ಏರಿದ್ದು ಕೆಟ್ಟ ಲಕ್ಷಣವಲ್ಲ.

ಸೆರ್ಯುಲೈಡ್ ಮಾತ್ರ ಗೊತ್ತಾಗುವುದಿಲ್ಲ. ಅದಕ್ಕೆ ಬಣ್ಣ, ವಾಸನೆ, ರುಚಿ ಯಾವುದೂ ಇಲ್ಲ. ಇದ್ದರೂ ಮೊಸರಿನ ಹುಳಿ, ಇಂಗಿನ ಘಮ ಅದನ್ನು ಮುಚ್ಚಿಹಾಕುತ್ತಿತ್ತು. ಮೂಸಿ ನೋಡಿ ಸರಿಯಿದೆ ಅನ್ನುವ ಪರೀಕ್ಷೆ ಇಲ್ಲಿ ಕೆಲಸ ಮಾಡುವುದಿಲ್ಲ. ಅನ್ನ ಎಷ್ಟು ಹೊತ್ತಿಗೆ ಬೆಂದಿತು, ಎಲ್ಲಿ ಇತ್ತು ಅನ್ನುವುದೊಂದೇ ನಂಬಬಹುದಾದ ಸುಳಿವು. ಬುತ್ತಿ ಕಟ್ಟಿದವರಿಗೆ ಅದು ಗೊತ್ತು, ತಿನ್ನುವವರಿಗೆ ಗೊತ್ತಿರುವುದಿಲ್ಲ.

ಬೆಳಿಗ್ಗೆಯ ಕೆಲಸ

ಅನ್ನ ಬೆಂದ ಕೂಡಲೇ ಕುಕ್ಕರಿನಿಂದ ತೆಗೆದು ಅಗಲ ತಟ್ಟೆಯಲ್ಲಿ ಎರಡು ಬೆರಳಿನ ದಪ್ಪಕ್ಕೆ ಹರಡಿ. ಫ್ಯಾನಿನ ಕೆಳಗೆ ಕಾಲು ಗಂಟೆಯಿಂದ ಇಪ್ಪತ್ತು ನಿಮಿಷ ಸಾಕು. ಕೈಯ ಹಿಂಬದಿ ತಾಗಿಸಿದರೆ ಬಿಸಿ ಗೊತ್ತಾಗಬಾರದು. ಆಮೇಲೆ ಅನ್ನದಷ್ಟೇ ಮೊಸರು, ಕಮ್ಮಿಯೆಂದರೆ ಅದರ ಮುಕ್ಕಾಲು ಪಾಲು. ಅಗುಳಗುಳಿಗೂ ಮೊಸರು ಹತ್ತುವ ಹಾಗೆ ಚಮಚದಲ್ಲೇ ಮಸೆದು ಕಲಸಿ. ನಡುವೆ ಬರೀ ಅನ್ನದ ಉಂಡೆ ಉಳಿದರೆ ಹುಳಿ ಅದರೊಳಗೆ ತಡವಾಗಿ ಇಳಿಯುತ್ತದೆ. ಮುಚ್ಚಳದ ರಬ್ಬರ್ ಸುತ್ತಿನ ಸಂದಿಯನ್ನು ದಿನಾ ಬಿಡಿಸಿ ತೊಳೆಯಬೇಕು, ಹಿಂದಿನ ದಿನದ ಅಗುಳು ಅಲ್ಲೇ ಅಡಗಿರುತ್ತದೆ.

ರಾತ್ರಿಯ ಅನ್ನವನ್ನೇ ಬಳಸಬೇಕೆಂದಿದ್ದರೆ ರಾತ್ರಿಯೇ ನಿರ್ಧಾರ ಮಾಡಿ. ಬೆಂದ ಒಂದು ಗಂಟೆಯೊಳಗೆ ಆರಿಸಿ, ಚಪ್ಪಟೆ ಡಬ್ಬಿಗೆ ಹಾಕಿ ಫ್ರಿಜ್ಜಿಗೆ ಇಡಿ. ಬ್ರಿಟನ್ನಿನ ಆಹಾರ ಇಲಾಖೆಯ ಸಲಹೆಯೂ ಇದೇ. ಹಾಗೆ ಇಟ್ಟ ಅನ್ನವನ್ನು ಮರುದಿನದೊಳಗೆ ಮುಗಿಸಿ ಅನ್ನುತ್ತಾರೆ ಅವರು. ಬೆಳಿಗ್ಗೆ ತಣ್ಣಗಿನ ಆ ಅನ್ನಕ್ಕೆ ತಣ್ಣನೆ ಮೊಸರು ಹಾಕಿದರೆ ಬುತ್ತಿಗೆ ತಂಪಿನ ಶುರು ಸಿಕ್ಕಿತು. ರಾತ್ರಿ ಕರೆಂಟು ಹೋಗಿ ಬೆಳಿಗ್ಗೆ ಬಂದಿದ್ದರೆ ಮಾತ್ರ ಆ ಅನ್ನ ಬೇಡ.

ವಾಂತಿ ಶುರುವಾದರೆ

ಬ್ಯಾಸಿಲಸ್‌ನ ವಾಂತಿ ಸಾಮಾನ್ಯವಾಗಿ ಒಂದು ದಿನದೊಳಗೆ ತಾನಾಗಿ ನಿಲ್ಲುತ್ತದೆ. ಮೈಯ ನೀರು ಹೋಗದಂತೆ ನೋಡಿಕೊಳ್ಳುವುದೇ ಮುಖ್ಯ ಚಿಕಿತ್ಸೆ. ಓಆರ್‌ಎಸ್ ಪುಡಿಯನ್ನು ಪೊಟ್ಟಣದಲ್ಲಿ ಬರೆದಷ್ಟೇ ನೀರಿಗೆ ಕಲಸಿ, ಒಂದೊಂದೇ ಗುಟುಕು ಕೊಡುತ್ತಾ ಹೋಗಿ. ಒಂದೇ ಸಲ ಲೋಟಗಟ್ಟಲೆ ಕೊಟ್ಟರೆ ಮತ್ತೆ ವಾಂತಿಯಾಗುತ್ತದೆ. ಆಂಟಿಬಯಾಟಿಕ್ ಮಾತ್ರೆ ಸ್ವಂತಕ್ಕೆ ನುಂಗಬೇಡಿ, ವಿಷದ ಮೇಲೆ ಅದು ಕೆಲಸ ಮಾಡುವುದಿಲ್ಲ. ಗುಟುಕು ನೀರೂ ನಿಲ್ಲದಿದ್ದರೆ, ಮೂತ್ರ ಕಮ್ಮಿಯಾದರೆ, ಮಗು ಮಂಕಾಗಿ ಮಲಗಿದರೆ, ಜೋರು ಜ್ವರ ಅಥವಾ ರಕ್ತ ಕಂಡರೆ ಕಾಯದೆ ವೈದ್ಯರ ಹತ್ತಿರ ಹೋಗಬೇಕು. ಅನ್ನ ಯಾವಾಗ ಬೇಯಿಸಿದ್ದು, ಯಾವಾಗ ತಿಂದದ್ದು, ಎಷ್ಟು ಹೊತ್ತಿಗೆ ವಾಂತಿ ಶುರುವಾಯಿತು, ಈ ಮೂರು ಹೊತ್ತನ್ನು ಅವರಿಗೆ ಹೇಳಿ. ಅದರಿಂದಲೇ ಅವರಿಗೆ ಅರ್ಧ ಅಂದಾಜು ಸಿಗುತ್ತದೆ.

ಸಂಜೆ ಐದಕ್ಕೆ ಮಗು ಅರ್ಧ ತಿಂದು ವಾಪಸ್ ತಂದ ಬುತ್ತಿಯನ್ನು ಮಾತ್ರ ಉಳಿಸಿಕೊಳ್ಳಲು ಹೋಗಬೇಡಿ. ಎಂಜಲು ಚಮಚ ಅದರಲ್ಲಿ ಆಡಿದೆ, ಹತ್ತು ಗಂಟೆ ಕಳೆದಿದೆ. ನಾಯಿಗೆ ಹಾಕುವ ಯೋಚನೆಯೂ ಬೇಡ, ತೆಂಗಿನ ಬುಡಕ್ಕೆ ಸುರಿದು ಮೇಲೆ ಒಂದು ಹಿಡಿ ಮಣ್ಣು ಎಳೆದರೆ ಆಯಿತು.